ಕ್ಲೈಮ್ ಪಾಸಾಯಿತು, ಉಳಿದ ದುಡ್ಡು ಎಲ್ಲಿ ಹೋಯಿತು?

ಕ್ಲೈಮ್ ತಿರಸ್ಕಾರವಾದಾಗ ನನಗೆ ಬರುವ ಫೋನಿಗಿಂತ ಕ್ಲೈಮ್ ಪಾಸಾದಾಗ ಬರುವ ಫೋನ್‌ಗಳೇ ಜಾಸ್ತಿ. ದಾವಣಗೆರೆಯಲ್ಲಿ ವಿಮಾ ಸಲಹೆಗಾರನಾಗಿ ಕೆಲಸ ಮಾಡುವ ನನ್ನ ಬಹುಪಾಲು ಬೆಳಗುಗಳು ಇದರಲ್ಲೇ ಕಳೆಯುತ್ತವೆ. ತಿರಸ್ಕಾರವಾದರೆ ಕಾರಣ ಒಂದೇ ಇರುತ್ತದೆ, ಅದರ ಮೇಲೆ ಜಗಳ ಆಡಬಹುದು. ಪಾಸಾದಾಗ ಹಾಗಲ್ಲ. ‘ನಿಮ್ಮ ಕ್ಲೈಮ್ ಅಂಗೀಕರಿಸಲಾಗಿದೆ’ ಎಂದು ಕಂಪನಿಯ ಮೇಲ್‌ನ ಮೊದಲ ಸಾಲು ಹೇಳುತ್ತದೆ, ಖಾತೆಗೆ ಬಂದಿರುವುದು ಮಾತ್ರ ಬಿಲ್ಲಿನ ಮೂರನೇ ಎರಡು ಭಾಗ. ‘ಅಂಗೀಕರಿಸಿದ ಮೇಲೆ ಕತ್ತರಿಸಿದ್ದು ಯಾಕೆ?’ ಅನ್ನುವ ಪ್ರಶ್ನೆಗೆ ಆ ಮೇಲ್‌ನಲ್ಲಿ ಉತ್ತರ ಇರುವುದು ಕಡಿಮೆ. ‘ಒಟ್ಟು ಕಡಿತ’ ಅಂತ ಒಂದೇ ಅಂಕಿ ಇರುತ್ತದೆ.

ಅದಕ್ಕೇ ನಾನು ಕಂಪನಿಯ ಮೇಲನ್ನು ಹಾಗೇ ಫಾರ್ವರ್ಡ್ ಮಾಡುವುದಿಲ್ಲ. ಮೇಲ್ಗಡೆ ಲೆಕ್ಕವನ್ನು ಹಂತಹಂತವಾಗಿ ಬರೆದು ಕಳಿಸುತ್ತೇನೆ. ಈ ಅಭ್ಯಾಸ ಶುರುವಾಗಿದ್ದು ಒಬ್ಬ ನಿವೃತ್ತ ಗಣಿತದ ಮೇಷ್ಟ್ರಿಂದ. ಉತ್ತರ ಸರಿಯಿದ್ದರೂ ಹಂತ ಬರೆಯದ ಹುಡುಗರಿಗೆ ಅಂಕ ಕೊಡದವರು ಅವರು. 63ನೇ ವಯಸ್ಸಿನಲ್ಲಿ ಮೊದಲ ಸಲ ಆರೋಗ್ಯ ವಿಮೆ ಮಾಡಿಸಿದ್ದರು. ವಿಮಾ ಮೊತ್ತ 5 ಲಕ್ಷ. ವಯಸ್ಸಿನ ಕಾರಣಕ್ಕೆ ಕಂಪನಿ 20% ಕೋ-ಪೇ ಹಾಕಿತ್ತು. ಪ್ರೀಮಿಯಂ ಇಳಿಸಲು ಮೇಷ್ಟ್ರೇ 50,000 ರೂಪಾಯಿಯ ವಾರ್ಷಿಕ ಡಿಡಕ್ಟಬಲ್ ಆರಿಸಿಕೊಂಡಿದ್ದರು. ಕಾಯುವ ಅವಧಿಯೆಲ್ಲ ಮುಗಿದ ಮೇಲೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆಯಿತು. ಆಸ್ಪತ್ರೆಗೆ ಪೂರ್ತಿ ದುಡ್ಡು ತಾವೇ ಕಟ್ಟಿ, ಆಮೇಲೆ ಬಿಲ್ ಸಲ್ಲಿಸಿದ್ದರು. ಕಟ್ಟಿದ್ದು 3,18,400. ಕಂಪನಿಯ ಮೇಲ್ ಹೇಳಿದ್ದು 2,04,000.

‘ಏನಪ್ಪಾ, 20% ಅಂದಿದ್ದೆ. ಇಲ್ಲಿ 36% ಹೋಗಿದೆಯಲ್ಲ?’ ಅಂದರು ಫೋನಿನಲ್ಲಿ. ಭಾಗಾಕಾರ ಆಗಲೇ ಮಾಡಿಟ್ಟುಕೊಂಡಿದ್ದರು. ಅವರಿಗೆ ನಾನು ಬರೆದ ಮೇಲ್‌ನ ಮುಖ್ಯಭಾಗ ಇದು:

‘ಮೇಷ್ಟ್ರೇ, ನಿಮ್ಮ ಕ್ಲೈಮ್ ಅಂಗೀಕಾರವಾಗಿದೆ. ನಿಮ್ಮ ಬಿಲ್ಲಿನಿಂದ ಮೂರು ಬೇರೆ ಬೇರೆ ಕಾರಣಕ್ಕೆ, ಒಂದಾದ ಮೇಲೊಂದರಂತೆ ದುಡ್ಡು ಕಳೆದಿದ್ದಾರೆ. ಮೂರನ್ನೂ ಕೂಡಿಸಿ ಒಂದೇ ಶೇಕಡಾವಾರು ಮಾಡಿದರೆ ಲೆಕ್ಕ ಹೊಂದುವುದಿಲ್ಲ, ಹಂತ ಹಂತವಾಗಿ ನೋಡಿ.

ಆಸ್ಪತ್ರೆಯ ಒಟ್ಟು ಬಿಲ್ 3,18,400. ಇದರಲ್ಲಿ ಗ್ಲೌಸ್, ದಾಖಲಾತಿ ಶುಲ್ಕ, ಜೊತೆಗಿದ್ದವರ ಊಟ ಇಂಥವು 13,400 ರೂಪಾಯಿ. ನಿಮ್ಮ ಪಾಲಿಸಿ ಇವುಗಳನ್ನು ಕೊಡುವುದಿಲ್ಲ. ಪಟ್ಟಿ ಪಾಲಿಸಿಯ ಕೊನೆಯ ಪುಟಗಳಲ್ಲಿದೆ. ಇವನ್ನು ತೆಗೆದರೆ ಉಳಿಯುವುದು 3,05,000. ಇದು ಪಾಲಿಸಿ ಒಪ್ಪುವ ಖರ್ಚು. ಮುಂದಿನ ಲೆಕ್ಕವೆಲ್ಲ ಶುರುವಾಗುವುದು ಈ ಅಂಕಿಯಿಂದ, ಬಿಲ್ಲಿನ ಮೊತ್ತದಿಂದ ಅಲ್ಲ.

ಎರಡನೆಯದು ಡಿಡಕ್ಟಬಲ್. ವರ್ಷದಲ್ಲಿ ಮೊದಲ 50,000 ರೂಪಾಯಿ ನಿಮ್ಮದು ಎಂದು ಒಪ್ಪಂದ. 3,05,000ದಲ್ಲಿ 50,000 ಕಳೆದರೆ 2,55,000. ಬಿಲ್ 1 ಲಕ್ಷವಿರಲಿ, 5 ಲಕ್ಷವಿರಲಿ, ಈ 50,000 ಬದಲಾಗುವುದಿಲ್ಲ.

ಮೂರನೆಯದು ಕೋ-ಪೇ. ಉಳಿದ 2,55,000ದಲ್ಲಿ ನೂರಕ್ಕೆ ಇಪ್ಪತ್ತು ನಿಮ್ಮ ಪಾಲು, ಎಂದರೆ 51,000. ಬಿಲ್ ದೊಡ್ಡದಾದಷ್ಟೂ ಇದು ದೊಡ್ಡದಾಗುತ್ತದೆ. ಇದನ್ನೂ ಕಳೆದರೆ 2,04,000. ನಿಮ್ಮ ಖಾತೆಗೆ ಜಮೆಯಾಗಿರುವುದು ಇದೇ.

ನಿಮ್ಮ ಕೈಯಿಂದ ಹೋದದ್ದು 13,400, 50,000 ಮತ್ತು 51,000 ಸೇರಿ 1,14,400. ಈ ವರ್ಷಕ್ಕೆ ಉಳಿದಿರುವ ವಿಮಾ ಮೊತ್ತ 2,96,000. ಕಂಪನಿ ನಿಜವಾಗಿ ಕೊಟ್ಟದ್ದು ಮಾತ್ರ 5 ಲಕ್ಷದಿಂದ ಕಡಿಮೆಯಾಗುತ್ತದೆ, ನೀವು ಭರಿಸಿದ್ದು ಆಗುವುದಿಲ್ಲ.’

ಕೊನೆಯ ಮಾತನ್ನು ಬೇಕೆಂದೇ ಸೇರಿಸಿದ್ದೆ. ಡಿಡಕ್ಟಬಲ್ ಆಗಲಿ ಕೋ-ಪೇ ಆಗಲಿ ವಿಮಾ ಮೊತ್ತವನ್ನು ತಗ್ಗಿಸುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ವ್ಯಾಖ್ಯೆಯಲ್ಲೇ ಇದೆ. ಆದರೂ ಬಿಲ್ಲಿನ ಪೂರ್ತಿ ಮೊತ್ತ ಖರ್ಚಾಯಿತು ಅಂದುಕೊಂಡು, ಅದೇ ವರ್ಷದ ಇನ್ನೊಂದು ಚಿಕಿತ್ಸೆಯನ್ನು ಮುಂದೂಡುವವರು ಇದ್ದಾರೆ.

ಮೇಷ್ಟ್ರು ಮೇಲ್ ಓದಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ‘ಮೊದಲು 20% ತೆಗೆದು ಆಮೇಲೆ 50,000 ಕಳೆದಿದ್ದರೆ?’

ಮಾಡಿ ನೋಡೋಣ. 3,05,000ದ 20% ಎಂದರೆ 61,000. ಉಳಿದ 2,44,000ದಲ್ಲಿ 50,000 ಹೋದರೆ 1,94,000. ಬರೀ ಕ್ರಮ ಬದಲಾದದ್ದಕ್ಕೆ 10,000 ರೂಪಾಯಿ ಕಡಿಮೆ. ಯಾಕೆಂದರೆ ಡಿಡಕ್ಟಬಲ್ ಎಂದು ನೀವೇ ಭರಿಸುವ 50,000ದ ಮೇಲೂ ನಿಮ್ಮಿಂದ 20% ವಸೂಲಾದಂತಾಯಿತು. ಡಿಡಕ್ಟಬಲ್ ಕಳೆದು ಉಳಿದದ್ದರ ಮೇಲೆ ಕೋ-ಪೇ ಎನ್ನುವುದು ನಾನು ನೋಡಿದ ಪಾಲಿಸಿಗಳಲ್ಲಿ ಸಾಮಾನ್ಯ ಕ್ರಮ. ಕ್ಲೈಮ್ ಲೆಕ್ಕ ಹಾಕುವ ರೀತಿ ಎಂಬ ಷರತ್ತಿನಲ್ಲಿ ಅದನ್ನು ಬರೆದಿರುತ್ತಾರೆ. ಆದರೆ ನಿಮ್ಮ ಪಾಲಿಸಿಯ ಮಾತೇ ಕೊನೆಯ ಮಾತು, ಪಕ್ಕದ ಮನೆಯವರ ಪಾಲಿಸಿಯದ್ದಲ್ಲ.

ಈ ಕ್ರಮ ತಪ್ಪುವುದು ಬರೀ ಪುಸ್ತಕದ ಸಂಗತಿಯೂ ಅಲ್ಲ. ಮೇಷ್ಟ್ರ ಲೆಕ್ಕ ಸರಿಯಾಗಿತ್ತು. ನನ್ನ ಇನ್ನೊಬ್ಬ ಗ್ರಾಹಕರ ಕ್ಲೈಮಿನಲ್ಲಿ ಕೋ-ಪೇಯನ್ನು ಇಡೀ ಬಿಲ್ಲಿನ ಮೇಲೆ ಹಾಕಿದ್ದರು. ಕೊಡದ ಗ್ಲೌಸಿನ ದುಡ್ಡಿನ ಮೇಲೂ, ಡಿಡಕ್ಟಬಲ್ ಮೇಲೂ 20%! ಇದನ್ನು ಪತ್ತೆ ಹಚ್ಚಲು ಒಂದು ಸುಲಭದ ದಾರಿಯಿದೆ. ಕೋ-ಪೇ ಎಂದು ಕಳೆದ ಮೊತ್ತವನ್ನು ಹಿಂದಕ್ಕೆ ಗುಣಿಸಿ: 20% ಆದರೆ 5ರಿಂದ, 10% ಆದರೆ 10ರಿಂದ. ಬಂದ ಅಂಕಿ ಯಾವುದಕ್ಕೆ ಹೊಂದುತ್ತದೆ ನೋಡಿ. ಮೇಷ್ಟ್ರ 51,000ವನ್ನು 5ರಿಂದ ಗುಣಿಸಿದರೆ 2,55,000 ಬರುತ್ತದೆ, ಡಿಡಕ್ಟಬಲ್ ಕಳೆದ ಮೇಲಿನ ಅಂಕಿ. 3,05,000 ಬಂದರೆ ಕ್ರಮ ತಿರುವುಮುರುವಾಗಿದೆ ಅಂತ. 3,18,400 ಬಂದರೆ ಬಿಲ್ಲಿನ ಮೇಲೇ ಹಾಕಿದ್ದಾರೆ ಅಂತ.

ಆ ಗ್ರಾಹಕರ ಪರವಾಗಿ ಕಂಪನಿಗೆ ಬರೆದದ್ದು ನಾಲ್ಕೇ ಸಾಲು: ಪಾಲಿಸಿ ಸಂಖ್ಯೆ, ಕ್ಲೈಮ್ ಸಂಖ್ಯೆ, ಷರತ್ತಿನ ಸಂಖ್ಯೆ, ನಮ್ಮ ಲೆಕ್ಕ. ಬೈಗುಳ ಬೇಡ ಎಂದು ಅವರ ಮಗನನ್ನು ಒಪ್ಪಿಸುವುದೇ ಕಷ್ಟವಾಯಿತು. ವ್ಯತ್ಯಾಸದ ಹಣ ಬಂತು. ಕ್ಲೈಮಿನ ಒಂದು ಭಾಗವನ್ನು ಕೊಡದಿದ್ದರೂ ಯಾವ ಷರತ್ತಿನಡಿ ಕೊಡಲಿಲ್ಲ ಎಂದು ಕಂಪನಿ ತಿಳಿಸಬೇಕು ಅನ್ನುವುದು ಪ್ರಾಧಿಕಾರದ 2024ರ ಸುತ್ತೋಲೆಯಲ್ಲಿದೆ. ಆದ್ದರಿಂದ ‘ಒಟ್ಟು ಕಡಿತ’ ಎಂಬ ಒಂಟಿ ಅಂಕಿ ಬಂದರೆ, ಬಿಡಿಬಿಡಿಯಾಗಿ ಕೊಡಿ ಎಂದು ಧಾರಾಳವಾಗಿ ಕೇಳಬಹುದು. ಕಂಪನಿಯ ದೂರು ವಿಭಾಗ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಶುಲ್ಕವಿಲ್ಲ.

ಅದೇ ಪಾಲಿಸಿ ವರ್ಷದಲ್ಲಿ ಮೇಷ್ಟ್ರಿಗೆ ಕಣ್ಣಿನ ಪೊರೆಯ ಆಪರೇಷನ್ ಕೂಡ ಆಯಿತು. ಡಿಡಕ್ಟಬಲ್‌ನ ನಿಜವಾದ ಸ್ವಭಾವ ತಿಳಿದದ್ದು ಆಗಲೇ. ಒಪ್ಪಿದ ಖರ್ಚು 62,000. ವರ್ಷದ 50,000ವನ್ನು ಮಂಡಿಯ ಕ್ಲೈಮಿನಲ್ಲೇ ಮುಗಿಸಿದ್ದರಿಂದ ಈ ಸಲ ಬರೀ ಕೋ-ಪೇ 12,400 ಹೋಗಿ 49,600 ಬಂತು. ಅವರದ್ದು ವಾರ್ಷಿಕ ಡಿಡಕ್ಟಬಲ್ ಆಗಿರದೆ ಪ್ರತಿ ಕ್ಲೈಮಿಗೂ ಅನ್ವಯಿಸುವಂಥದ್ದಾಗಿದ್ದರೆ? 62,000ದಲ್ಲಿ ಮತ್ತೆ 50,000 ಹೋಗಿ, ಉಳಿದ 12,000ದಲ್ಲಿ 2,400 ಕೋ-ಪೇ ಹೋಗಿ, ಕೈಗೆ 9,600. ಟಾಪ್-ಅಪ್ ಮತ್ತು ಸೂಪರ್ ಟಾಪ್-ಅಪ್ ಪಾಲಿಸಿಗಳ ನಡುವಿನ ವ್ಯತ್ಯಾಸವೂ ಇದೇ. ಮೊದಲಿನದ್ದು ಒಂದೊಂದು ಕ್ಲೈಮಿಗೂ ಮಿತಿ ದಾಟಿತೇ ಎಂದು ನೋಡುತ್ತದೆ, ಎರಡನೆಯದು ಇಡೀ ವರ್ಷದ ಖರ್ಚನ್ನು ಕೂಡಿಸಿ ನೋಡುತ್ತದೆ.

ವಾರ್ಷಿಕ ಡಿಡಕ್ಟಬಲ್ ಇರುವವರು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಡೆಂಗಿಗೆ ಮೂರು ದಿನ ಆಸ್ಪತ್ರೆಯಲ್ಲಿದ್ದು 30,000 ಬಿಲ್ ಆಯಿತು ಅಂದುಕೊಳ್ಳಿ. ಹೇಗೂ ದುಡ್ಡು ಬರುವುದಿಲ್ಲ ಎಂದು ಆ ಬಿಲ್ಲನ್ನು ಬೀರುವಿನಲ್ಲಿ ಹಾಕುತ್ತಾರೆ. ಸಲ್ಲಿಸಿ. ಒಂದು ಪೈಸೆ ಬರದಿದ್ದರೂ ಅದರಲ್ಲಿ ಒಪ್ಪಿಗೆಯಾದ ಖರ್ಚು ವರ್ಷದ 50,000ದ ಲೆಕ್ಕಕ್ಕೆ ಜಮೆಯಾಗುತ್ತದೆ, ಮುಂದಿನ ಕ್ಲೈಮಿನಲ್ಲಿ ಅಷ್ಟು ಕಡಿಮೆ ಕಳೆಯುತ್ತಾರೆ. ಬೆಂಗಳೂರಿನಲ್ಲಿರುವ ಮಗನ ಆಫೀಸಿನ ಗುಂಪು ವಿಮೆಯಲ್ಲಿ ಅಪ್ಪ-ಅಮ್ಮನ ಹೆಸರೂ ಇದ್ದರೆ ಮೊದಲ ಭಾಗವನ್ನು ಅಲ್ಲಿಂದ ತೆಗೆದುಕೊಳ್ಳುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆ ಕಂಪನಿ ಎಷ್ಟು ಕೊಟ್ಟಿತು ಎಂಬ ಸೆಟ್ಲ್‌ಮೆಂಟ್ ಪತ್ರ, ದೃಢೀಕರಿಸಿದ ಬಿಲ್ ಪ್ರತಿಗಳನ್ನು ಇಸಿದುಕೊಳ್ಳಬೇಕು ಅಷ್ಟೆ.

ಪಾಲಿಸಿ ನವೀಕರಣದ ಹೊತ್ತಿಗೆ ಮೇಷ್ಟ್ರು ಮತ್ತೆ ಬಂದರು, ಈ ಸಲ ಹಾಳೆಯಲ್ಲಿ ಲೆಕ್ಕ ಬರೆದುಕೊಂಡೇ. ಡಿಡಕ್ಟಬಲ್, ಕೋ-ಪೇ ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುವುದಾದರೆ ಯಾವುದು? ನನ್ನ ಓಟು ಯಾವಾಗಲೂ ಡಿಡಕ್ಟಬಲ್‌ಗೆ. 50,000 ಎಂದರೆ 50,000, ಅಷ್ಟನ್ನು ಬ್ಯಾಂಕಿನಲ್ಲಿ ಎತ್ತಿಟ್ಟು ಮರೆಯಬಹುದು. ಕೋ-ಪೇಗೆ ಅಂಥ ಅಂಚಿಲ್ಲ. ಮಂಡಿಗೆ 51,000 ಹೋದ ಅದೇ 20%, ನಾಲ್ಕು ಲಕ್ಷದ ಹೃದಯದ ಆಪರೇಷನ್‌ಗೆ ಡಿಡಕ್ಟಬಲ್ ಕಳೆದ ಮೇಲೂ 70,000 ಆಗುತ್ತದೆ. ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಕೋ-ಪೇ ತೆಗೆದುಹಾಕಲು ಕೆಲವು ಕಂಪನಿಗಳು ಒಪ್ಪುತ್ತವೆ. ಇವರದ್ದು ಒಪ್ಪಿತು. ಏರಿದ ಪ್ರೀಮಿಯಂ ಸ್ವಲ್ಪ ಇಳಿಯಲೆಂದು ಡಿಡಕ್ಟಬಲ್ಲನ್ನು 1 ಲಕ್ಷಕ್ಕೆ ಏರಿಸಿದೆವು.

ಸಹಿ ಹಾಕುವ ಮುಂಚೆ ಅವರು ತಡೆದರು. ‘ನಾಳೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿದರೆ?’ ಕೇಳಲೇಬೇಕಾದ ಪ್ರಶ್ನೆ. ಕೆಲವು ಪಾಲಿಸಿಗಳಲ್ಲಿ ಊರಿಗೆ ತಕ್ಕಂತೆ ವಲಯಗಳಿರುತ್ತವೆ. ಸಣ್ಣ ಊರಿನ ಕಡಿಮೆ ಪ್ರೀಮಿಯಂ ಕಟ್ಟಿ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಅದಕ್ಕೇ ಬೇರೆ ಕೋ-ಪೇ ಬೀಳುತ್ತದೆ. ವಯಸ್ಸಿನ ಕೋ-ಪೇ ತೆಗೆಸಿದರೂ ಇದು ತಾನಾಗಿ ಹೋಗುವುದಿಲ್ಲ. ಪಾಲಿಸಿ ಷೆಡ್ಯೂಲ್ ತೆರೆದು ನೋಡಿದೆವು. ವಲಯದ ಕೋ-ಪೇ ಎಂಬ ಸಾಲಿನ ಮುಂದೆ ‘ಅನ್ವಯವಿಲ್ಲ’ ಎಂದಿತ್ತು. ಮೇಷ್ಟ್ರು ಅದರ ಪಕ್ಕ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿ, ಆಮೇಲೆ ಸಹಿ ಮಾಡಿದರು.