ಮಂಡಿ ನೋವು ಪಾದದ ಕೀಲಿಗೆ ಹೋದಾಗ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಮೂರು ವಾರದ ಹಿಂದೆ ಜ್ವರ, ಗಂಟಲು ನೋವು ಬಂದಿತ್ತು. ಕೆಮ್ಮು, ನೆಗಡಿ ಇರಲಿಲ್ಲ. ಡಾಕ್ಟರು ಹತ್ತು ದಿನಕ್ಕೆ ಮಾತ್ರೆ ಬರೆದರು. ಜ್ವರ ಬಿಟ್ಟಿತೆಂದು ಮೂರನೇ ದಿನವೇ ನಿಲ್ಲಿಸಿದೆ. ಈಗ ಮತ್ತೆ ಜ್ವರ. ಮಂಡಿ ಊದಿ ನಡೆಯಲಾಗದೆ ಅತ್ತ. ಎರಡು ದಿನಕ್ಕೆ ಅದು ಇಳಿದು, ಪಾದದ ಕೀಲು ಊದಿದೆ. ಅತ್ತೆಯವರು ಬೆಳೆಯುವ ಮಕ್ಕಳಿಗೆ ಕಾಲುನೋವು ಸಹಜ ಅನ್ನುತ್ತಾರೆ. ಹೌದೇ?

ಉತ್ತರ: ಅಲ್ಲಮ್ಮ. ಬೆಳೆಯುವ ಮಕ್ಕಳ ಕಾಲುನೋವು ರಾತ್ರಿ ಬಂದು ಬೆಳಗ್ಗೆ ಹೋಗುತ್ತದೆ. ಕೀಲು ಊದುವುದಿಲ್ಲ, ಜ್ವರವೂ ಇರುವುದಿಲ್ಲ. ಗಂಟಲು ನೋವಾದ ಎರಡು ಮೂರು ವಾರಕ್ಕೆ ಒಂದು ಕೀಲಿಂದ ಇನ್ನೊಂದಕ್ಕೆ ನೋವು ಓಡಾಡುತ್ತಿದ್ದರೆ ಮೊದಲು ನೆನಪಾಗಬೇಕಾದದ್ದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ತಗುಲಿದಾಗ ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಶಕ್ತಿ ಕೆಲವು ಮಕ್ಕಳಲ್ಲಿ ತಮ್ಮದೇ ಕೀಲು, ಹೃದಯದ ಮೇಲೆ ತಿರುಗಿ ಬೀಳುತ್ತದೆ. ಕೀಲು ಪೂರ್ತಿ ಸರಿಹೋಗುತ್ತದೆ. ಹೃದಯದ ಕವಾಟಕ್ಕಾದ ಗಾಯ ಮಾತ್ರ ಉಳಿದುಬಿಡಬಹುದು.

ಅದಕ್ಕೇ ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ನೋವಿಗೆ ಪ್ಯಾರಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್‌ನಂಥವು ಕೊಟ್ಟರೆ ಊತ ಒಂದೆರಡು ದಿನದಲ್ಲೇ ಇಳಿದು, ಡಾಕ್ಟರಿಗೆ ರೋಗದ ಗುರುತೇ ಸಿಗದೆ ಹೋಗುತ್ತದೆ. ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಎದೆನೋವು ಕಂಡರೆ ನಾಳೆಗೂ ಕಾಯಬೇಡಿ.

ರಕ್ತಪರೀಕ್ಷೆಯಲ್ಲಿ ಎಎಸ್‌ಓ ಹೆಚ್ಚಿದ್ದ ಮಾತ್ರಕ್ಕೆ ರೋಗ ಖಚಿತವಾಗುವುದಿಲ್ಲ. ಸ್ಟ್ರೆಪ್ ಇತ್ತೀಚೆಗೆ ತಗುಲಿತ್ತು ಎಂದಷ್ಟೇ ಅದರ ಅರ್ಥ. ಇಸಿಜಿ, ಹೃದಯದ ಎಕೋ ಎರಡನ್ನೂ ಮಾಡಿಸಿ. ಸ್ಟೆತಸ್ಕೋಪಿಗೆ ಕೇಳಿಸದ ಕವಾಟದ ಸೋರಿಕೆ ಎಕೋದಲ್ಲಿ ಕಾಣುತ್ತದೆ.

ರೋಗ ಖಚಿತವಾದರೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಶುರುವಾಗುತ್ತದೆ. ಸಾಮಾನ್ಯವಾಗಿ ಮೂರು ವಾರಕ್ಕೊಂದು, ಹಲವು ವರ್ಷ. ಹೃದಯಕ್ಕೆ ಏನೂ ಆಗಿರದಿದ್ದರೂ ಕನಿಷ್ಠ ಐದು ವರ್ಷ. ಕವಾಟಕ್ಕೆ ಪೆಟ್ಟು ಬಿದ್ದಿದ್ದರೆ ಇನ್ನೂ ಹೆಚ್ಚು. ಆರೋಗ್ಯವಾಗಿ ಓಡಾಡುವ ಹುಡುಗನಿಗೆ ಈ ಚುಚ್ಚುಮದ್ದು ಯಾಕೆ ಎನ್ನಿಸುವ ದಿನ ಬಂದೇ ಬರುತ್ತದೆ. ಸ್ನಾಯುವಿನಲ್ಲಿ ಕೂತು ನಿಧಾನವಾಗಿ ರಕ್ತಕ್ಕಿಳಿಯುವ ಆ ಔಷಧಿ ಮೂರು ವಾರ ಕಳೆಯುತ್ತಿದ್ದಂತೆ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಇನ್ನೊಮ್ಮೆ ಗಂಟಲಿಗೆ ಸ್ಟ್ರೆಪ್ ಬಂದರೆ ಕವಾಟಕ್ಕೆ ಮತ್ತೊಂದು ಪೆಟ್ಟು. ಹಾಗಾಗಿ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಇಂಜೆಕ್ಷನ್ ನೋಯುತ್ತದೆ, ನಿಜ. ನಿಧಾನವಾಗಿ ಕೊಡಲು ಕೇಳಿಕೊಳ್ಳಿ. ಅಲರ್ಜಿ ಅಪರೂಪ, ಆದರೂ ಡಾಕ್ಟರಿರುವ ಕಡೆಯೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕೂತಿರಿ.

ಮಾತ್ರೆ ನಿಲ್ಲಿಸಿದ್ದಕ್ಕೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಜ್ವರ ಬಿಟ್ಟರೂ ಬ್ಯಾಕ್ಟೀರಿಯಾ ಗಂಟಲಲ್ಲಿ ಉಳಿದಿರುತ್ತದೆ, ಹತ್ತು ದಿನದ ಲೆಕ್ಕ ಅದಕ್ಕಾಗಿ ಎಂದು ಯಾರಾದರೂ ನಿಮಗೆ ಬಿಡಿಸಿ ಹೇಳಬೇಕಿತ್ತು. ಮನೆಯಲ್ಲಿ ಬೇರೆ ಮಕ್ಕಳಿದ್ದು, ಅವರಿಗೆ ಕೆಮ್ಮು ನೆಗಡಿ ಇಲ್ಲದೆ ಜ್ವರ, ಗಂಟಲು ನೋವು, ಕುತ್ತಿಗೆಯಲ್ಲಿ ನೋಯುವ ಗಂಟು ಕಂಡರೆ ಡಾಕ್ಟರಿಗೆ ತೋರಿಸಿ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಆರಂಭವಾದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು.