ಮಾಣಿಕ್ಯಕ್ಕೆ ದುಡ್ಡು ಕೊಡುವ ಮುಂಚೆ

ನೋಡಮ್ಮ, ಜ್ಯೋತಿಷಿಗಳು ನಿನಗೆ ಐದು ರತ್ತಿ ಮಾಣಿಕ್ಯ, ನಿನ್ನ ಯಜಮಾನರಿಗೆ ನೀಲ ಹೇಳಿದ್ದಾರೆ. ಧರಿಸುವುದು ಬಿಡುವುದು ನಿಮ್ಮ ನಂಬಿಕೆ, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಅಟ್ಲಾಂಟಾ ಕಡೆ ಯಾರೋ ಅಷ್ಟು ದೊಡ್ಡ, ಕೆಂಪಗೆ ಹೊಳೆಯುವ ಮಾಣಿಕ್ಯವನ್ನು 250 ಡಾಲರಿಗೆ ಕೊಡುತ್ತಾರೆ ಅಂದೆಯಲ್ಲ, ಆ ಬೆಲೆ ಕೇಳಿ ನನಗೆ ಕಳವಳವಾಯಿತು. ಆ ಗಾತ್ರದ ಒಳ್ಳೆಯ ಕಲ್ಲಿಗೆ ಸಾವಿರಾರು ಡಾಲರ್ ಬೀಳುತ್ತದೆ.

ಅದು ಬಹುಶಃ ಸೀಸದ ಗಾಜು ತುಂಬಿದ ಕಲ್ಲು. ಬಿರುಕು ಬಿಟ್ಟ ಕಳಪೆ ಮಾಣಿಕ್ಯದೊಳಕ್ಕೆ ಕರಗಿದ ಗಾಜು ಇಳಿಸಿದರೆ ಬಿರುಕುಗಳು ಮಾಯವಾಗುತ್ತವೆ. ಮೂಲ ಕಲ್ಲು ಗಣಿಯದೇ ಆದ್ದರಿಂದ ಅಂಗಡಿಯವರು ‘ನ್ಯಾಚುರಲ್’ ಅಂದುಬಿಡುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೇಳಿ ಪಡೆದು, ಕಲ್ಲನ್ನು ದೀಪದಡಿ ನಿಧಾನವಾಗಿ ಓರೆ ಮಾಡಿ ನೋಡು. ಒಳಗೆ ನೀಲಿ ಮಿಂಚು ಹಾದುಹೋದರೆ, ದುಂಡನೆ ಗಾಳಿಗುಳ್ಳೆ ಕಂಡರೆ ಗಾಜಿದೆ ಅಂತ ತಿಳಿ. ಮುಂದೆ ಉಂಗುರದ ಅಳತೆ ಸರಿಮಾಡುವಾಗ ಬೆಸುಗೆಯ ಬಿಸಿಗೆ ಆ ಗಾಜು ಕೆಡುತ್ತದೆ. ನಿಂಬೆರಸವೂ ಅದನ್ನು ತಿನ್ನುತ್ತದೆ. ನೀಲದಲ್ಲಿಯೂ ಕೋಬಾಲ್ಟ್ ಗಾಜು ತುಂಬಿದ್ದು ಬರುತ್ತದೆ.

ಬರೀ ಕಾಯಿಸಿದ ಕಲ್ಲಿನ ಮಾತು ಬೇರೆ. ಮಾರುಕಟ್ಟೆಯ ಹೆಚ್ಚಿನ ಮಾಣಿಕ್ಯ, ನೀಲ ಕಾಯಿಸಿದವೇ. ಕಾಯಿಸಿದ್ದು ಆಗುತ್ತದೋ ಇಲ್ಲವೋ ಅಂತ ಜ್ಯೋತಿಷಿಗಳನ್ನೇ ಕೇಳು, ಕಾಯಿಸದ್ದಕ್ಕೆ ಬೆಲೆ ಬಹಳ ಹೆಚ್ಚು. ಜೊತೆಗೆ ತೂಕವನ್ನು ಕ್ಯಾರಟ್‌ನಲ್ಲಿ ಹೇಳಿಸಿಕೋ. ರತ್ತಿಯನ್ನು ಕೆಲವರು ಸುಮಾರು 0.91 ಕ್ಯಾರಟ್ ಅಂತ ಹಿಡಿದರೆ ಕೆಲವರು 0.6 ಅಂತ ಹಿಡಿಯುತ್ತಾರೆ. ಹೀಗೆ ಐದು ರತ್ತಿ ನಾಲ್ಕೂವರೆ ಕ್ಯಾರಟ್ಟೂ ಆದೀತು, ಮೂರೂ ಆದೀತು.

ಭೂತಗನ್ನಡಿ ಎಷ್ಟೇ ಹೇಳಿದರೂ ಕೊನೆಯ ಮಾತು ಪ್ರಯೋಗಾಲಯದ್ದು. ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಅಂಗಡಿಯವರೇ ಬರೆದುಕೊಟ್ಟ ಸರ್ಟಿಫಿಕೇಟ್ ಸಾಲದು, ಜಿಐಎ ಅಥವಾ ನ್ಯೂಯಾರ್ಕಿನ ಎಜಿಎಲ್ ವರದಿ ಬೇಕು. ಉಂಗುರಕ್ಕೆ ಕೂರಿಸುವ ಮೊದಲೇ, ಬಿಡಿಕಲ್ಲಿಗೇ ಮಾಡಿಸು. ವರದಿಯ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ನೋಡು. ಕಲ್ಲನ್ನು ನಿನ್ನೆದುರೇ ತೂಗಿಸಿ, ಕ್ಯಾರಟ್ ಮತ್ತು ಉದ್ದಗಲ ವರದಿಗೆ ತಾಳೆಯಾಗುತ್ತವೋ ನೋಡು. ಅಸಲಿ ವರದಿ ಇಟ್ಟುಕೊಂಡು ಬೇರೆ ಕಲ್ಲು ಮಾರುವವರೂ ಇದ್ದಾರೆ.

ಮಕ್ಕಳನ್ನು ಕರೆದುಕೊಂಡು ನಾರ್ತ್ ಕ್ಯಾರೊಲಿನಾದ ಫ್ರ್ಯಾಂಕ್ಲಿನ್‌ಗೆ ಹೋಗಿ ಮಣ್ಣು ಜಾಲಿಸಿ ಬನ್ನಿ, ಸಂತೋಷ. ಕೌವೀ ಕಣಿವೆಯಲ್ಲಿ ನಿಜವಾಗಿಯೂ ಮಾಣಿಕ್ಯ ಸಿಗುತ್ತದೆ. ಆದರೆ ಕೆಲವು ಕಡೆ ಹೊರಗಿನಿಂದ ತಂದ ಕಲ್ಲನ್ನು ಬಕೆಟ್ಟಿಗೆ ಬೆರೆಸಿರುತ್ತಾರೆ, ಮೊದಲೇ ಕೇಳಿಕೊಳ್ಳಿ. ವಾಷಿಂಗ್ಟನ್‌ಗೆ ಬಂದಾಗ ಸ್ಮಿತ್ಸೋನಿಯನ್‌ನಲ್ಲಿ ಬರ್ಮಾದ 23.1 ಕ್ಯಾರಟ್ಟಿನ ಕಾರ್ಮೆನ್ ಲೂಸಿಯಾ ಮಾಣಿಕ್ಯ ನೋಡೋಣ. ಒಳ್ಳೆಯ ಕೆಂಪು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಲಿ.

ಬಿಲ್ಲಿನಲ್ಲಿ ಮೂರು ವಿಷಯ ಬರೆಸಿಕೋ: ಗಣಿಯದೋ ಬೆಳೆಸಿದ್ದೋ, ಏನೇನು ಸಂಸ್ಕರಣೆ ಆಗಿದೆ, ವರದಿ ಬೇರೆ ಹೇಳಿದರೆ ಪೂರ್ತಿ ದುಡ್ಡು ವಾಪಸು. ನೀಲವನ್ನು ಮೂರು ದಿನ ಜೊತೆಗಿಟ್ಟು ಪರೀಕ್ಷಿಸಿ ಧರಿಸುವ ಪದ್ಧತಿ ನಮ್ಮಲ್ಲಿದೆಯಲ್ಲ. ವರದಿ ಬರಲು ವಾರಗಳೇ ಹಿಡಿಯಬಹುದು, ಆದ್ದರಿಂದ ವಾಪಸಾತಿಯ ಗಡುವು ಎರಡಕ್ಕೂ ಸಾಲುವಷ್ಟಿರಲಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕಾರ್ಡ್ ಹೊರಗೆ ತೆಗೆಯಬೇಡ.