ಇಳಕಲ್ ಸೆರಗು ಮತ್ತು 6 ಮೈಕ್ರಾನ್ ಜರುಗುವ ಸೆನ್ಸರ್

ಇಳಕಲ್‌ನಲ್ಲಿ ನಮ್ಮ ಕಾಕಾ ಸೀರೆ ನೇಯ್ತಾರೆ. ಹೋದ ರಜೆಯಲ್ಲಿ ಗೆಳೆಯನ 24 ಮೆಗಾಪಿಕ್ಸೆಲ್ ಮಿರರ್‌ಲೆಸ್ ಕ್ಯಾಮೆರಾ ತಂದು ಒಂದು ಕೆಂಪು ಸೆರಗಿನ ಫೋಟೋ ತೆಗೆದುಕೊಟ್ಟೆ. ಎರಡು ದಿನದ ಮೇಲೆ ಕಾಕಾನ ಫೋನ್ ಬಂತು: "ತಮ್ಮಾ, ಸೆರಗಿನ್ಯಾಗ ಅಲಿ ಅಲಿ ಪಟ್ಟಿ ಕಾಣ್ತಾವಂತ. ಬಣ್ಣ ಬಿಟ್ಟೈತೇನು ಅಂತ ಕೇಳಾಕತ್ಯಾರ." ಸೀರೆ ಸರಿಯಾಗೇ ಇತ್ತು, ತಪ್ಪಿದ್ದು ನನ್ನ ಫೋಟೋ. ಯಾಕೆ ಹಾಗಾಯ್ತು, ಪಿಕ್ಸೆಲ್ ಶಿಫ್ಟ್ ಮೋಡ್ ಅದನ್ನು ಹೇಗೆ ಸರಿಮಾಡಿತು ಅಂತ ನೋಡೋಣ.

ಸೆನ್ಸರಿನ ಒಂದು ಪಿಕ್ಸೆಲ್ ಒಂದೇ ಬಣ್ಣ ಅಳೆಯುತ್ತದೆ. ನಾಲ್ಕರ ಒಂದು ಚೌಕದಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಎರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಅಂದಾಜು ಮಾಡುತ್ತದೆ. ಅಚ್ಚ ಕೆಂಪು ಬಟ್ಟೆಯಿಂದ ಹಸಿರು, ನೀಲಿ ಪಿಕ್ಸೆಲ್‌ಗಳಿಗೆ ಬೆಳಕು ಬರುವುದೇ ಕಡಿಮೆ. ಅಂದರೆ ಆ ಸೆರಗಿನ ಮುಂದೆ 24 ಮೆಗಾಪಿಕ್ಸೆಲ್‌ನಲ್ಲಿ ನಿಜವಾಗಿ ಕೆಲಸ ಮಾಡಿದ್ದು ಸುಮಾರು 6 ಮಾತ್ರ.

ಈಗ ಲೆಕ್ಕ. ಫೋಟೋದ ಅಗಲದಲ್ಲಿ 6000 ಪಿಕ್ಸೆಲ್ ಇವೆ. ಫ್ರೇಮಿನಲ್ಲಿ 90 ಸೆಂ.ಮೀ. ಬಟ್ಟೆ ಬಂದರೆ ಒಂದು ಪಿಕ್ಸೆಲ್‌ಗೆ 0.15 ಮಿ.ಮೀ. ಕೆಂಪು ಪಿಕ್ಸೆಲ್ ಒಂದು ಬಿಟ್ಟು ಒಂದು ಇರುವುದರಿಂದ ಅವುಗಳ ನಡುವಿನ ಅಂತರ 0.3 ಮಿ.ಮೀ. ಇಂಚಿಗೆ 64 ಎಳೆ ಅಂತ ಹಿಡಿದರೆ ಎಳೆಯಿಂದ ಎಳೆಗೆ ಸುಮಾರು 0.4 ಮಿ.ಮೀ. ಸಿಗ್ನಲ್ಸ್ ಕ್ಲಾಸಿನಲ್ಲಿ ಓದಿದ ಸ್ಯಾಂಪ್ಲಿಂಗ್ ನಿಯಮ ಇಲ್ಲೂ ಅಷ್ಟೇ: ಒಂದು ಎಳೆಗೆ ಎರಡಕ್ಕಿಂತ ಹೆಚ್ಚು ಸ್ಯಾಂಪಲ್ ಬೇಕು, ಅಂದರೆ 0.2 ಮಿ.ಮೀ.ಗಿಂತ ಕಡಿಮೆ ಅಂತರ. ನಮ್ಮಲ್ಲಿ 0.3 ಇತ್ತು. ಎಳೆ ಕಾಣುವ ಬದಲು ಇಲ್ಲದ ಪಟ್ಟೆ ಕಂಡವು.

ಪಿಕ್ಸೆಲ್ ಶಿಫ್ಟ್‌ನಲ್ಲಿ ಕೈ ನಡುಕ ತಡೆಯುವ ಅದೇ ಯಂತ್ರ ಸೆನ್ಸರನ್ನು ಸರಿಯಾಗಿ ಒಂದು ಪಿಕ್ಸೆಲ್ ಜರುಗಿಸುತ್ತದೆ. ಫುಲ್ ಫ್ರೇಮ್ ಸೆನ್ಸರಿನಲ್ಲಿ 36 ಮಿ.ಮೀ.ಗೆ 6000 ಪಿಕ್ಸೆಲ್ ಅಂದರೆ 6 ಮೈಕ್ರಾನ್. ಬಲಕ್ಕೆ, ಕೆಳಕ್ಕೆ, ಎಡಕ್ಕೆ ಹೀಗೆ ಚೌಕ ಸುತ್ತಿ ನಾಲ್ಕು ಫೋಟೋ. ಈಗ ಸೆರಗಿನ ಪ್ರತಿ ಬಿಂದುವಿನ ಮೇಲೂ ಒಂದು ಸಲ ಕೆಂಪು, ಒಂದು ಸಲ ನೀಲಿ, ಎರಡು ಸಲ ಹಸಿರು ಪಿಕ್ಸೆಲ್ ಬಂದಿರುತ್ತದೆ. ಅಂದಾಜಿನ ಕೆಲಸವೇ ಇಲ್ಲ. ಕೆಂಪಿನ ಅಂತರ 0.15ಕ್ಕೆ ಇಳಿಯಿತು, ಪಟ್ಟೆ ಹೋಯಿತು. ಫೋಟೋ ಮಾತ್ರ 24 ಮೆಗಾಪಿಕ್ಸೆಲ್ಲೇ. ಅರ್ಧ ಪಿಕ್ಸೆಲ್ ಜರುಗಿಸಿ 16 ಫೋಟೋ ಸೇರಿಸುವ ಮೋಡ್‌ನಲ್ಲಿ ಅದು 96 ಆಗುತ್ತದೆ, ಆದರೆ ಲೆನ್ಸ್ ಅಷ್ಟು ಚೂಪಾಗಿಲ್ಲದಿದ್ದರೆ ಫೈಲ್ ಮಾತ್ರ ದೊಡ್ಡದು.

ತೆಗೆಯುವಾಗ ನಾನು ಮಾಡಿದ್ದು ಇಷ್ಟು. ಸೆರಗನ್ನು ಹಲಗೆಗೆ ಪಿನ್ ಮಾಡಿ ಬಿಗಿದೆ, ಫ್ಯಾನ್ ಆರಿಸಿದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ 100, ಫೋಕಸ್ಸೂ ಎಕ್ಸ್‌ಪೋಶರ್ರೂ ಮ್ಯಾನುಯಲ್, ಅಪರ್ಚರ್ f/5.6. ಎಫ್-16ಕ್ಕೆ ಹೋದರೆ ಡಿಫ್ರ್ಯಾಕ್ಷನ್‌ನಿಂದ ಒಂದು ಬಿಂದು ಸುಮಾರು 21 ಮೈಕ್ರಾನ್ ಹರಡುತ್ತದೆ, ಆಗ 6 ಮೈಕ್ರಾನ್ ಜರುಗಿಸಿ ಪ್ರಯೋಜನ ಕಡಿಮೆ. ಎರಡು ಸೆಕೆಂಡ್ ಟೈಮರ್ ಇಟ್ಟು, ಬಟನ್ ಒತ್ತಿ ಸುಮ್ಮನೆ ನಿಂತೆ.

ಮೊದಲ ಸಲ ಅದೂ ಕೆಟ್ಟಿತು! 200% ಹಿಗ್ಗಿಸಿದರೆ ಫೋಟೋ ತುಂಬ ಸಣ್ಣ ಜಾಲರಿ. ನಾಲ್ಕು ಫೋಟೋಗಳ ನಡುವೆ ಬಟ್ಟೆ 0.15 ಮಿ.ಮೀ. ಅಲುಗಿದರೂ ಸಾಕು, ಹೀಗಾಗುತ್ತದೆ. ಜಾಲರಿ ಎಲ್ಲಿದೆ ಅನ್ನೋದೇ ಸುಳಿವು. ಸೆರಗಿನ ಅಂಚಿನಲ್ಲಿ ಮಾತ್ರ ಇದ್ದರೆ ಬಟ್ಟೆ ಅಲುಗಿದೆ. ಎಲ್ಲ ಕಡೆ ಇದ್ದರೆ ಟ್ರೈಪಾಡ್ ನಡುಗಿದೆ, ಇಲ್ಲವೇ ಬೆಳಕು ಬದಲಾಗಿದೆ. ನಾಲ್ಕು ಬಿಡಿ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಎರಡು ಮಂಕಾಗಿದ್ದವು. ಕಿಟಕಿ ಬೆಳಕಿಗೆ ಮೋಡ ಅಡ್ಡ ಬಂದಿತ್ತು. ಕಾದು ಮತ್ತೆ ತೆಗೆದೆ.

ಬಾದಾಮಿಯಲ್ಲೂ ಇದೇ ಮಾತು. ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯ ಕಲ್ಲು ಈ ಮೋಡ್‌ನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಮುಂದಿನ ನೀರು ನಿಲ್ಲುವುದಿಲ್ಲ, ಅಲ್ಲಿ ಜಾಲರಿ ಗ್ಯಾರಂಟಿ. ನೀರಿನ ಭಾಗಕ್ಕೆ ಒಂದೇ ಬಿಡಿ ಫೋಟೋ ಬಳಸಿ, ಎಡಿಟಿಂಗ್‌ನಲ್ಲಿ ಗುಡಿಯ ಭಾಗದ ಜೊತೆ ಜೋಡಿಸಬೇಕು. ಸ್ಮಾರಕದ ಬಳಿ ಟ್ರೈಪಾಡ್ ಹೂಡುವ ಮುನ್ನ ಅನುಮತಿ ಕೇಳಿ.

ಇನ್ನೊಂದು ಮಾತು. ಅರ್ಧ ಮೀಟರ್ ಬಟ್ಟೆ ಸಾಕು ಅಂದಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಹತ್ತಿರ ಹೋಗಿದ್ದರೆ ಕೆಂಪಿನ ಅಂತರ ತಾನೇ 0.17ಕ್ಕೆ ಇಳಿಯುತ್ತಿತ್ತು. ಕಾಕಾಗೆ ಇಡೀ ಸೆರಗು ಒಂದೇ ಫೋಟೋದಲ್ಲಿ ಬೇಕಿತ್ತು. ಹೊಸ ಫೋಟೋ ಕಳಿಸಿದ ಮೇಲೆ ಮತ್ತೆ ಫೋನ್ ಬಂತು: "ಈಗ ಎಳಿ ಎಣಿಸಬಹುದು ನೋಡು."